ಎರಡು ಸುರುಳಿಗಳ ಪರಸ್ಪರ ಪ್ರೇರಕತೆ: ಕಪ್ಲಿಂಗ್ ಅಳೆದು ಎರಡನೆಯ ಸುರುಳಿಯ ವೋಲ್ಟೇಜನ್ನು ಮೊದಲೇ ಹೇಳುವ ಬಗೆ

ಮೇಜಿನ ಮೇಲೆ ಒಂದು ಪಿವಿಸಿ ಕೊಳವೆ ಇದೆ. ಅದರ ಮೇಲೆ 300 ಸುತ್ತಿನ ಒಂದು ಸುರುಳಿ, ಆ ಸುರುಳಿಯ ನಡುಭಾಗದ ಮೇಲೆ 100 ಸುತ್ತಿನ ಇನ್ನೊಂದು. ಮೊದಲನೆಯದರ ತುದಿಗಳ ನಡುವೆ 2.49 ವೋಲ್ಟ್ ಎಸಿ ಇದ್ದರೆ ಎರಡನೆಯದರಲ್ಲಿ ಎಷ್ಟು ಸಿಗುತ್ತದೆ? ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಅನುಪಾತ ನೆನಪಿರುವವರು ಮೂರರಿಂದ ಭಾಗಿಸಿ 0.83 ವೋಲ್ಟ್ ಎನ್ನುತ್ತಾರೆ. ಗಾಳಿಯ ಕೋರ್‌ನಲ್ಲಿ ಕಪ್ಲಿಂಗ್ ಪೂರ್ಣವಾಗಿರುವುದಿಲ್ಲ ಎಂದು ಬಲ್ಲವರು ಅದನ್ನು ಕಪ್ಲಿಂಗ್ ಗುಣಾಂಕವಾದ 0.67ರಿಂದ ಗುಣಿಸಿ 0.56 ವೋಲ್ಟ್ ಎನ್ನುತ್ತಾರೆ. ನನ್ನ ಆಸಿಲೋಸ್ಕೋಪ್ ತೋರಿಸಿದ್ದು 0.89 ವೋಲ್ಟ್. ಕಪ್ಲಿಂಗ್ ಅಪೂರ್ಣವಾಗಿದ್ದರೂ ವೋಲ್ಟೇಜು ಸುತ್ತುಗಳ ಅನುಪಾತವನ್ನೂ ಮೀರಿತ್ತು. ಇದರಲ್ಲಿ ಅಳತೆಯ ತಪ್ಪೇನೂ ಇಲ್ಲ. ಈ ಮಾರ್ಗದರ್ಶಿಯಲ್ಲಿ ಅದೇ ಜೋಡಿಯನ್ನು ಸುತ್ತಿ, ಅಳೆದು, ಆ 0.89 ಎಲ್ಲಿಂದ ಬಂತೆಂಬುದನ್ನು ಹಂತಹಂತವಾಗಿ ನೋಡೋಣ.

ಲೆಕ್ಕಕ್ಕೆ ಬೇಕಾದ ಎರಡು ಸೂತ್ರಗಳು

ಮೊದಲ ಸುರುಳಿಯಲ್ಲಿ ಹರಿಯುವ ಪ್ರವಾಹವು ತನ್ನ ಸುತ್ತ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಆ ಕ್ಷೇತ್ರದ ಒಂದಷ್ಟು ಪಾಲು ಎರಡನೆಯ ಸುರುಳಿಯ ಸುತ್ತುಗಳೊಳಗಿಂದ ಹಾದುಹೋಗುತ್ತದೆ. ಎರಡನೆಯ ಸುರುಳಿಯ ಪ್ರತಿಯೊಂದು ಸುತ್ತಿನಲ್ಲೂ ಹಾಯುವ ಕಾಂತೀಯ ಅಭಿವಾಹವನ್ನು ಕೂಡಿಸಿ, ಬಂದ ಮೊತ್ತವನ್ನು ಮೊದಲ ಸುರುಳಿಯ ಪ್ರವಾಹದಿಂದ ಭಾಗಿಸಿದರೆ ದೊರೆಯುವುದೇ ಪರಸ್ಪರ ಪ್ರೇರಕತೆ, ಅಂದರೆ M. ಇದರ ಮಾನ ಹೆನ್ರಿ. ಮೊದಲ ಪ್ರವಾಹವು ಬದಲಾದಾಗ ಮಾತ್ರ ಎರಡನೆಯದರಲ್ಲಿ ವಿದ್ಯುಚ್ಚಾಲಕ ಬಲ ಹುಟ್ಟುತ್ತದೆ. 1831ರ ಆಗಸ್ಟ್ 29ರಂದು ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಯ ಮೇಲೆ ಸುತ್ತಿದ ಎರಡು ಸುರುಳಿಗಳಲ್ಲಿ ಕಂಡದ್ದೂ ಇದನ್ನೇ: ಬ್ಯಾಟರಿಯನ್ನು ಜೋಡಿಸಿದ ಕ್ಷಣ ಮತ್ತು ತೆಗೆದ ಕ್ಷಣ ಮಾತ್ರ ಸೂಜಿ ಅಲುಗಿತು, ಪ್ರವಾಹ ಒಂದೇ ಸಮನೆ ಹರಿಯುತ್ತಿದ್ದಾಗ ಸುಮ್ಮನಿತ್ತು.

```
e2 = M × (di1/dt)
k  = M / √(L1 × L2)
```

e2 ಎರಡನೆಯ ಸುರುಳಿಯಲ್ಲಿ ಹುಟ್ಟುವ ವಿದ್ಯುಚ್ಚಾಲಕ ಬಲ, di1/dt ಮೊದಲ ಸುರುಳಿಯ ಪ್ರವಾಹ ಬದಲಾಗುವ ದರ. L1 ಮತ್ತು L2 ಆಯಾ ಸುರುಳಿಯ ಸ್ವಪ್ರೇರಕತೆಗಳು. k ಎಂಬ ಕಪ್ಲಿಂಗ್ ಗುಣಾಂಕದ ಗಾತ್ರ ಸೊನ್ನೆಯಿಂದ ಒಂದರ ನಡುವೆ ಇರುತ್ತದೆ, ಎಂದೂ ಒಂದನ್ನು ಮೀರುವುದಿಲ್ಲ. ವಿದ್ಯುಚ್ಚಾಲಕ ಬಲವನ್ನು ನೇರವಾಗಿ ನಿರ್ಧರಿಸುವುದು M. k ಹೇಳುವುದು ಆ ಎರಡು ಸುರುಳಿಗಳಿಗೆ ಸಾಧ್ಯವಿರುವ ಗರಿಷ್ಠ M‌ನಲ್ಲಿ ಎಷ್ಟು ಪಾಲು ನಮಗೆ ದೊರೆತಿದೆ ಎಂಬುದನ್ನು. ಇವೆರಡನ್ನೂ ಒಂದೇ ಎಂದು ಬಗೆದಾಗಲೇ ಮೇಲಿನ 0.56ರಂಥ ಉತ್ತರಗಳು ಬರುತ್ತವೆ.

ಸುರುಳಿಗಳನ್ನು ಸುತ್ತುವುದು

40 ಮಿ.ಮೀ. ಹೊರವ್ಯಾಸದ, ಸುಮಾರು 400 ಮಿ.ಮೀ. ಉದ್ದದ ಪಿವಿಸಿ ಕೊಳವೆಯೊಂದು ಸಾಕು. ತಂತಿ ಎನಾಮೆಲ್ ಲೇಪದ ತಾಮ್ರದ್ದಾಗಿರಬೇಕು, ದಪ್ಪ ಅರ್ಧ ಮಿಲಿಮೀಟರಿನಷ್ಟು. ಮೋಟಾರು ರೀವೈಂಡಿಂಗ್ ಮಾಡುವ ಅಂಗಡಿಗಳಲ್ಲಿ ಇದನ್ನು ತೂಕದ ಲೆಕ್ಕದಲ್ಲಿ ಕೊಡುತ್ತಾರೆ. 25 ಗೇಜ್ ಎಂದು ಕೇಳಿದರೆ ಸಾಕು. ಕೊಳವೆಯ ಒಂದು ಬದಿಗೆ ಮೊದಲ ಸುರುಳಿಯ 300 ಸುತ್ತುಗಳನ್ನು ಒಂದೇ ಪದರದಲ್ಲಿ, ಒಂದಕ್ಕೊಂದು ಒತ್ತಿಕೊಂಡಂತೆ ಸುತ್ತಬೇಕು. ಲೇಪದ ದಪ್ಪವೂ ಸೇರಿ ನನ್ನ ಸುರುಳಿ 165 ಮಿ.ಮೀ. ಉದ್ದಕ್ಕೆ ಬಂತು. ನಡುನಡುವೆ ಐವತ್ತು ಸುತ್ತಿಗೊಮ್ಮೆ ಒಂದು ತುಂಡು ಟೇಪ್ ಅಂಟಿಸಿ ಅದರ ಮೇಲೆ ಎಣಿಕೆ ಬರೆದಿಟ್ಟರೆ ಫೋನು ಬಂದಾಗ ಮತ್ತೆ ಮೊದಲಿನಿಂದ ಎಣಿಸುವ ಪಾಡು ತಪ್ಪುತ್ತದೆ.

ಎರಡನೆಯದನ್ನು ನೇರವಾಗಿ ಮೊದಲನೆಯದರ ಮೇಲೆ ಸುತ್ತಬಾರದು. ಡ್ರಾಯಿಂಗ್ ಹಾಳೆಯನ್ನು ಸುರುಳಿಯ ಮೇಲೆ ಸಡಿಲವಾಗಿ ಸುತ್ತಿ ಅಂಟಿಸಿ, ಅತ್ತಿತ್ತ ಸರಿಯುವ ಒಂದು ತೋಳನ್ನು ಮಾಡಿಕೊಂಡು, ಆ ತೋಳಿನ ಮೇಲೆ 100 ಸುತ್ತು ಸುತ್ತಬೇಕು. ಇದು ಸುಮಾರು 57 ಮಿ.ಮೀ. ಉದ್ದಕ್ಕೆ ಬರುತ್ತದೆ. ತೋಳು ಸರಿಯುವಂತಿದ್ದರೆ ಮಾತ್ರ ಉಳಿದೆಲ್ಲವನ್ನೂ ಹಾಗೆಯೇ ಇಟ್ಟುಕೊಂಡು ಕಪ್ಲಿಂಗನ್ನು ಬದಲಿಸಲು ಸಾಧ್ಯ. ಎರಡೂ ಸುರುಳಿಗಳನ್ನು ಒಂದೇ ದಿಕ್ಕಿನಲ್ಲಿ ಸುತ್ತಿ, ಎರಡರ ಆರಂಭದ ತುದಿಗಳಿಗೂ ಕೆಂಪು ಬಣ್ಣ ಹಚ್ಚಬೇಕು. ಸರ್ಕ್ಯೂಟ್ ಚಿತ್ರಗಳಲ್ಲಿ ಸುರುಳಿಯ ಪಕ್ಕದಲ್ಲಿ ಕಾಣುವ ಚುಕ್ಕೆಯ ಅರ್ಥ ಇದೇ: ಚುಕ್ಕೆಯಿರುವ ತುದಿಗಳಿಂದ ಒಳಹೋಗುವ ಪ್ರವಾಹಗಳು ಒಂದಕ್ಕೊಂದು ಪೂರಕವಾದ ಅಭಿವಾಹವನ್ನು ಉಂಟುಮಾಡುತ್ತವೆ.

ತಂತಿಯ ತುದಿಗಳಲ್ಲಿನ ಲೇಪವನ್ನು ಮರಳು ಕಾಗದದಿಂದ ಸುತ್ತಲೂ ಉಜ್ಜಿ ತೆಗೆದು, ಮಲ್ಟಿಮೀಟರಿನಲ್ಲಿ ರೋಧ ನೋಡಬೇಕು. ಮೊದಲನೆಯದು ಸುಮಾರು 3.2 ಓಮ್, ಎರಡನೆಯದು ಸುಮಾರು 1.1 ಓಮ್ ಇರಬೇಕು. ಮೀಟರಿನ ತಂತಿಗಳಿಗೇ ಒಂದಿಷ್ಟು ರೋಧವಿರುವುದರಿಂದ, ಮೊದಲು ಅವೆರಡನ್ನು ಒಂದಕ್ಕೊಂದು ಮುಟ್ಟಿಸಿ ಬಂದ ಅಂಕೆಯನ್ನು ಕಳೆಯಬೇಕು. ಅಂಕೆ ನಿಲ್ಲದೆ ಕುಣಿಯುತ್ತಿದ್ದರೆ ಲೇಪ ಪೂರ್ತಿ ಹೋಗಿಲ್ಲವೆಂದೇ ಅರ್ಥ.

ಕೂಡುವ ಮತ್ತು ಕಳೆಯುವ ಜೋಡಣೆಯಿಂದ M

ಇದಕ್ಕೆ ಎಲ್‌ಸಿಆರ್ ಮೀಟರ್ ಬೇಕು. ಅಳೆಯುವ ಆವರ್ತನವನ್ನು 10 ಕಿಲೋಹರ್ಟ್ಸ್‌ಗೆ ಇಟ್ಟು, ತೋಳನ್ನು ಮೊದಲ ಸುರುಳಿಯ ಸರಿಯಾದ ನಡುವಿಗೆ ತಂದು, ಮೊದಲು ಒಂದೊಂದನ್ನೇ ಅಳೆಯಬೇಕು. ಒಂದನ್ನು ಅಳೆಯುವಾಗ ಇನ್ನೊಂದರ ತುದಿಗಳು ತೆರೆದಿರಬೇಕು, ಯಾವುದಕ್ಕೂ ತಾಗಿರಬಾರದು. ನನಗೆ ಬಂದದ್ದು L1 = 792 ಮೈಕ್ರೋಹೆನ್ರಿ, L2 = 231 ಮೈಕ್ರೋಹೆನ್ರಿ.

ಈಗ ಮೊದಲನೆಯದರ ಕೊನೆಯ ತುದಿಯನ್ನು ಎರಡನೆಯದರ ಕೆಂಪು ತುದಿಗೆ ಸೇರಿಸಿ, ಸರಣಿಯಲ್ಲಿರುವ ಎರಡನ್ನೂ ಒಂದಾಗಿ ಅಳೆಯಬೇಕು. ಎರಡರ ಅಭಿವಾಹಗಳೂ ಕೂಡುವುದರಿಂದ ಮೀಟರ್ L1 + L2 + 2M ಅನ್ನು ತೋರಿಸುತ್ತದೆ. ಬಳಿಕ ಎರಡನೆಯದರ ತುದಿಗಳನ್ನು ಅದಲುಬದಲು ಮಾಡಿದರೆ L1 + L2 − 2M ಬರುತ್ತದೆ. ನನ್ನ ಅಳತೆಗಳು ಕ್ರಮವಾಗಿ 1592 ಮತ್ತು 454.

```
M = (1592 − 454) / 4 = 284.5 µH
k = 284.5 / √(792 × 231) ≈ 0.67
```

ಮುಂದೆ ಹೋಗುವ ಮುನ್ನ ಒಂದು ತಾಳೆ ನೋಡಿಕೊಳ್ಳಲೇಬೇಕು. ಎರಡು ಸರಣಿ ಅಳತೆಗಳ ಸರಾಸರಿ (1592 + 454) / 2 = 1023; ಇದು L1 + L2 ಗೆ, ಅಂದರೆ 792 + 231 = 1023ಕ್ಕೆ, ಹೊಂದಬೇಕು. ಹೊಂದದಿದ್ದರೆ ಅಳತೆಗಳ ನಡುವೆ ತೋಳು ಸರಿದಿದೆ, ಇಲ್ಲವೇ ಹತ್ತಿರದಲ್ಲಿ ಕಬ್ಬಿಣದ ವಸ್ತು ಇದೆ. ನನ್ನ ಲೆಕ್ಕ ಮೊದಲ ಸಲ ಸರಿಬರದೆ ಅರ್ಧ ಗಂಟೆ ತಲೆ ಕೆರೆದುಕೊಂಡದ್ದಕ್ಕೆ ಕಾರಣ, ಕೊಳವೆ ಉರುಳದಿರಲೆಂದು ನಾನೇ ಪಕ್ಕಕ್ಕೆ ಒತ್ತಿಟ್ಟಿದ್ದ ಕಟಿಂಗ್ ಪ್ಲೇಯರ್.

ಇಲ್ಲಿ ಇನ್ನೊಂದನ್ನೂ ಗಮನಿಸಬೇಕು. M ಎರಡನೆಯ ಸುರುಳಿಯ ಸ್ವಪ್ರೇರಕತೆಗಿಂತ ಹೆಚ್ಚಾಗಿದೆ: 284.5 ಎಲ್ಲಿ, 231 ಎಲ್ಲಿ. ಇದನ್ನು ಕಂಡು ಅಳತೆಯೇ ತಪ್ಪಿರಬೇಕೆಂದು ಹಿಂದೆಗೆಯಬೇಕಾಗಿಲ್ಲ. M ಮೀರಬಾರದ ಮಿತಿ √(L1 × L2), ಇಲ್ಲಿ ಸುಮಾರು 428. ಎರಡರಲ್ಲಿ ಚಿಕ್ಕದಾದ L ಅದಕ್ಕೆ ಮಿತಿಯಲ್ಲ.

ಸುತ್ತುವ ಮೊದಲೇ ಅಂದಾಜು ಬೇಕಿದ್ದರೆ, ಉದ್ದನೆಯ ಸುರುಳಿಯ ಸೂತ್ರವಾದ M = µ0·N1·N2·A / l ಸಾಕಾಗುತ್ತದೆ. µ0 ನಿರ್ವಾತದ ಕಾಂತೀಯ ಸ್ಥಿರಾಂಕ, N1 ಮತ್ತು N2 ಆಯಾ ಸುರುಳಿಯ ಸುತ್ತುಗಳ ಸಂಖ್ಯೆ, l ಮೊದಲ ಸುರುಳಿಯ ಉದ್ದ. A ಮಾತ್ರ ಒಳಗಿನ ಸುರುಳಿಯ ಅಡ್ಡಕೊಯ್ತದ ವಿಸ್ತೀರ್ಣವಾಗಿರಬೇಕು, ಹೊರಗಿನದಲ್ಲ, ಏಕೆಂದರೆ ಕ್ಷೇತ್ರವು ಬಹುಪಾಲು ಒಳಗೇ ಇರುತ್ತದೆ. ತಂತಿಯ ನಡುವಿನವರೆಗೆ 20.25 ಮಿ.ಮೀ. ತ್ರಿಜ್ಯ ಹಿಡಿದರೆ 294 ಮೈಕ್ರೋಹೆನ್ರಿ ಬರುತ್ತದೆ. ಅಳತೆಗಿಂತ ಇದು ಶೇಕಡ 3ರಷ್ಟು ಹೆಚ್ಚು. ಸುರುಳಿ ಅನಂತ ಉದ್ದದ್ದಲ್ಲವಾದ್ದರಿಂದ ನಡುವಿನಲ್ಲೂ ಕ್ಷೇತ್ರ ಅಷ್ಟರಮಟ್ಟಿಗೆ ಕುಗ್ಗಿರುತ್ತದೆ.

ವಿದ್ಯುಚ್ಚಾಲಕ ಬಲವನ್ನು ಲೆಕ್ಕ ಹಾಕಿ, ಆಮೇಲೆ ನೋಡುವುದು

ಫಂಕ್ಷನ್ ಜನರೇಟರಿನಿಂದ 10 ಕಿಲೋಹರ್ಟ್ಸ್‌ನ ಸೈನ್ ತರಂಗವನ್ನು ಮೊದಲ ಸುರುಳಿಗೆ ಕೊಡಬೇಕು; ಸುರುಳಿಯೊಂದಿಗೆ ಸರಣಿಯಲ್ಲಿ 10 ಓಮ್‌ನ ರೆಸಿಸ್ಟರ್ ಇರಬೇಕು. ಆ ರೆಸಿಸ್ಟರ್ ಸುರುಳಿಯಿಂದ ಜನರೇಟರಿನ ಗ್ರೌಂಡಿಗೆ ಮರಳುವ ಬದಿಯಲ್ಲೇ ಇರತಕ್ಕದ್ದು. ಸ್ಕೋಪಿನ ಗ್ರೌಂಡ್ ಕ್ಲಿಪ್ಪೂ ಜನರೇಟರಿನ ಗ್ರೌಂಡೂ ಸಾಮಾನ್ಯವಾಗಿ ಮೂರು ಪಿನ್ನಿನ ಪ್ಲಗ್ಗಿನ ಅರ್ತಿಂಗ್ ಮೂಲಕ ಒಂದೇ ಆಗಿರುತ್ತವೆ. ಕ್ಲಿಪ್ಪನ್ನು ತಪ್ಪಾಗಿ ರೆಸಿಸ್ಟರಿನ ಇನ್ನೊಂದು ತುದಿಗೆ ಹಾಕಿದರೆ ರೆಸಿಸ್ಟರ್ ಶಾರ್ಟ್ ಆಗಿ, ಪ್ರವಾಹ ಹರಿಯುತ್ತಿದ್ದರೂ ಪರದೆಯಲ್ಲಿ ಚಪ್ಪಟೆ ಗೆರೆ ಕಾಣುತ್ತದೆ.

ಒಂದನೆಯ ಚಾನಲ್ಲನ್ನು ರೆಸಿಸ್ಟರಿಗೆ, ಎರಡನೆಯದನ್ನು ಎರಡನೆಯ ಸುರುಳಿಗೆ ಜೋಡಿಸಿ, ರೆಸಿಸ್ಟರಿನ ಮೇಲೆ 0.50 ವೋಲ್ಟ್ ಶೃಂಗಮೌಲ್ಯ ಬರುವವರೆಗೆ ಜನರೇಟರನ್ನು ಏರಿಸಬೇಕು. ಹತ್ತು ಓಮ್‌ನಲ್ಲಿ 0.50 ವೋಲ್ಟ್ ಎಂದರೆ ಪ್ರವಾಹದ ಶೃಂಗ 50 ಮಿಲಿಆಂಪಿಯರ್. ಸೈನ್ ಪ್ರವಾಹದ ಬದಲಾವಣೆಯ ಗರಿಷ್ಠ ದರ 2πf ಮತ್ತು ಶೃಂಗಪ್ರವಾಹದ ಗುಣಲಬ್ಧವಾದ್ದರಿಂದ,

```
e2 = 2π × 10000 × 284.5e-6 × 0.050 ≈ 0.89 V
```

ಪರದೆಯಲ್ಲೂ ಅಷ್ಟೇ ಬಂತು. ಎರಡು ತರಂಗಗಳು ಕಾಲು ಆವರ್ತದಷ್ಟು ಹಿಂದುಮುಂದಾಗಿರುವುದೂ ಕಾಣುತ್ತದೆ: ಪ್ರವಾಹ ತನ್ನ ಶೃಂಗದಲ್ಲಿರುವಾಗ e2 ಸೊನ್ನೆ, ಪ್ರವಾಹ ಸೊನ್ನೆಯನ್ನು ದಾಟುವಾಗ e2 ಶೃಂಗದಲ್ಲಿ. ಶೃಂಗದಲ್ಲಿ ಪ್ರವಾಹ ಅರೆಕ್ಷಣ ಬದಲಾಗದೆ ನಿಲ್ಲುವುದೇ ಇದಕ್ಕೆ ಕಾರಣ. ಇನ್ನೂ ಕಣ್ಣಿಗೆ ಕಟ್ಟುವಂತೆ ನೋಡಬೇಕಿದ್ದರೆ ಜನರೇಟರನ್ನು 1 ಕಿಲೋಹರ್ಟ್ಸ್‌ನ ತ್ರಿಕೋನ ತರಂಗಕ್ಕೆ ತಿರುಗಿಸಬೇಕು. ಜನರೇಟರಿನ ಒಳರೋಧ 50 ಓಮ್ ಇದ್ದರೆ, ಆ ಆವರ್ತನದಲ್ಲಿ ಪ್ರವಾಹವನ್ನು ನಿರ್ಧರಿಸುವುದು ಬಹುತೇಕ ರೋಧಗಳೇ ಆಗಿರುವುದರಿಂದ ಪ್ರವಾಹವೂ ತ್ರಿಕೋನವಾಗಿರುತ್ತದೆ. 50 ಮಿಲಿಆಂಪಿಯರ್ ಶೃಂಗದ ಆ ಪ್ರವಾಹ ಸೆಕೆಂಡಿಗೆ 200 ಆಂಪಿಯರ್ ದರದಲ್ಲಿ ಏರಿಳಿಯುತ್ತದೆ. ಎರಡನೆಯ ಸುರುಳಿಯಲ್ಲಿ ಸುಮಾರು 57 ಮಿಲಿವೋಲ್ಟಿನ ಚೌಕ ತರಂಗ ಮೂಡುತ್ತದೆ. ಏರುವಷ್ಟು ಹೊತ್ತು ಒಂದು ಮಟ್ಟ, ಇಳಿಯುವಷ್ಟು ಹೊತ್ತು ಅದರ ವಿರುದ್ಧ ಮಟ್ಟ. e2 = M × (di1/dt) ಎಂಬುದನ್ನು ನಂಬದವರಿಗೆ ನಾನು ತೋರಿಸುವುದು ಈ ಚಿತ್ರವನ್ನೇ.

ಅಗ್ಗದ ಮಲ್ಟಿಮೀಟರಿನ ಎಸಿ ಶ್ರೇಣಿಯನ್ನು ಇಲ್ಲಿ ನಂಬಬಾರದು. ಅವುಗಳಲ್ಲಿ ಹಲವು ಕೆಲವು ನೂರು ಹರ್ಟ್ಸ್‌ವರೆಗೆ ಮಾತ್ರ ಸರಿಯಾಗಿ ಅಳೆಯುತ್ತವೆ. ಜೊತೆಗೆ ಅವು ತೋರಿಸುವುದು ಆರ್‌ಎಂಎಸ್ ಮೌಲ್ಯವನ್ನು, ಶೃಂಗಮೌಲ್ಯವನ್ನಲ್ಲ. ಆವರ್ತನವನ್ನು ಮನಬಂದಂತೆ ಏರಿಸುವುದೂ ಸಲ್ಲದು. ಸ್ಕೋಪಿನ ಕೇಬಲ್ಲಿನ ಧಾರಕತೆ 100 ಪಿಕೋಫ್ಯಾರಡ್ ಇದ್ದರೆ, 231 ಮೈಕ್ರೋಹೆನ್ರಿಯೊಂದಿಗೆ ಅದು ಸುಮಾರು 1 ಮೆಗಾಹರ್ಟ್ಸ್‌ನಲ್ಲಿ ಅನುರಣಿಸುತ್ತದೆ. ಅದರ ಸಮೀಪಕ್ಕೆ ಹೋದಂತೆ e2 ಸೂತ್ರಕ್ಕಿಂತ ಹೆಚ್ಚಾಗಿ ಕಾಣತೊಡಗುತ್ತದೆ.

ಇದೇ ಹಂತದಲ್ಲಿ ಸುರುಳಿಗಳ ಪಾತ್ರವನ್ನು ಅದಲುಬದಲು ಮಾಡಿಯೂ ನೋಡಬೇಕು. ಅದೇ 50 ಮಿಲಿಆಂಪಿಯರನ್ನು 100 ಸುತ್ತಿನ ಸುರುಳಿಗೆ ಕೊಟ್ಟು 300 ಸುತ್ತಿನದರಲ್ಲಿ ಅಳೆದರೆ ಮತ್ತೆ 0.89 ವೋಲ್ಟೇ ಬರುತ್ತದೆ. ಸುತ್ತು ಹೆಚ್ಚಿರುವ ಕಡೆ ಹೆಚ್ಚು ಬರಬೇಕೆಂದು ಮನಸ್ಸು ಹೇಳಿದರೂ, M ಎರಡೂ ದಿಕ್ಕಿನಲ್ಲಿ ಒಂದೇ.

ಸುತ್ತುಗಳ ಅನುಪಾತ ಕೈಕೊಟ್ಟದ್ದು ಏಕೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮೊದಲ ಸುರುಳಿಯ ವೋಲ್ಟೇಜು 2πf × L1 × i1, ಅಂದರೆ 2.49 ವೋಲ್ಟ್. ಎರಡನೆಯದರದು 2πf × M × i1. ಭಾಗಿಸಿದರೆ ಆವರ್ತನವೂ ಪ್ರವಾಹವೂ ಹೋಗಿ M / L1 ಮಾತ್ರ ಉಳಿಯುತ್ತದೆ, ಮತ್ತು ಅದನ್ನು k ಬಳಸಿ ಹೀಗೆ ಬರೆಯಬಹುದು:

```
e2 / v1 = M / L1 = k × √(L2 / L1) = 0.67 × 0.54 ≈ 0.36
```

k ಗುಣಿಸಬೇಕಾದದ್ದು √(L2 / L1) ಅನ್ನು. N2 / N1 ಅನ್ನಲ್ಲ. ಆಕಾರ ಒಂದೇ ಇದ್ದು ಸುತ್ತುಗಳು ಮಾತ್ರ ಬೇರೆಯಾಗಿದ್ದಾಗ L ಸುತ್ತುಗಳ ವರ್ಗಕ್ಕೆ ಅನುಪಾತದಲ್ಲಿರುತ್ತದೆ, ಆಗ ಎರಡೂ ಒಂದೇ ಆಗುತ್ತವೆ. ಮುಚ್ಚಿದ ಕಬ್ಬಿಣದ ಕೋರ್ ಇರುವ ಟ್ರಾನ್ಸ್‌ಫಾರ್ಮರಿನಲ್ಲಿ ಎರಡೂ ಸುರುಳಿಗಳಿಗೆ ಅದೇ ಕೋರ್ ದಾರಿಯಾಗಿರುವುದರಿಂದ ಈ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ಜೋಡಿಯಲ್ಲಿ ಎರಡನೆಯ ಸುರುಳಿ ಗಿಡ್ಡ. ಅದರ ಸುತ್ತುಗಳು ಹತ್ತಿರ ಹತ್ತಿರ ಇರುವುದರಿಂದ ಅದರ L ಸುತ್ತುಗಳ ಲೆಕ್ಕ ಹೇಳುವುದಕ್ಕಿಂತ ಹೆಚ್ಚು. ಹೀಗಾಗಿ √(L2 / L1) 0.33 ಅಲ್ಲ, 0.54.

ಇದನ್ನೇ ಅಭಿವಾಹದ ಕಡೆಯಿಂದ ನೋಡಿದರೆ 0.36 ಮೂರನೇ ಒಂದನ್ನು ಮೀರಿದ್ದೇಕೆಂಬುದು ಸ್ಪಷ್ಟವಾಗುತ್ತದೆ. ಮೊದಲ ಸುರುಳಿಯ ತುದಿಯ ಸುತ್ತುಗಳ ಬಳಿ ಕ್ಷೇತ್ರ ಹೊರಗೆ ಚೆದುರಿ, ತುದಿಯಲ್ಲಿ ನಡುವಿನ ಅರ್ಧಕ್ಕೆ ಇಳಿದಿರುತ್ತದೆ. ಆದುದರಿಂದ ಮೊದಲ ಸುರುಳಿಯ ಸುತ್ತೊಂದಕ್ಕೆ ಸಿಗುವ ಸರಾಸರಿ ಅಭಿವಾಹ ನಡುವಿನ ಅಭಿವಾಹಕ್ಕಿಂತ ಕಡಿಮೆ. ಎರಡನೆಯ ಸುರುಳಿಯ ನೂರೂ ಸುತ್ತುಗಳು ನಡುವಿನಲ್ಲೇ ಕುಳಿತು ಪೂರ್ಣ ಅಭಿವಾಹವನ್ನು ಪಡೆಯುತ್ತವೆ. ಮೊದಲನೆಯದರ ಬಹುತೇಕ ಅಭಿವಾಹವು ಎರಡನೆಯದರೊಳಗೆ ಹಾಯುತ್ತಿದ್ದರೂ k ಕೇವಲ 0.67 ಇರುವುದಕ್ಕೆ ಕಾರಣ ಎದುರು ದಿಕ್ಕಿನಲ್ಲಿದೆ: ಎರಡನೆಯದರ ಅಭಿವಾಹವು ಮೊದಲನೆಯದರ ದೂರದ ಸುತ್ತುಗಳನ್ನು ತಲುಪುವುದಿಲ್ಲ. k ಎರಡೂ ದಿಕ್ಕಿನ ಪಾಲುಗಳ ಗುಣಲಬ್ಧದ ವರ್ಗಮೂಲ. ಒಂದು ದಿಕ್ಕಿನ ಸೋರಿಕೆಯನ್ನು ಮಾತ್ರ ಅದರಿಂದ ಓದಲಾಗದು.

ತೋಳನ್ನು ಸರಿಸಿದಾಗ

ಪ್ರವಾಹವನ್ನು 50 ಮಿಲಿಆಂಪಿಯರಿನಲ್ಲೇ ಇಟ್ಟುಕೊಂಡು ತೋಳನ್ನು ಮೆಲ್ಲಗೆ ಒಂದು ತುದಿಯತ್ತ ಸರಿಸಬೇಕು. ಮೊದಮೊದಲು ಏನೂ ಆಗದಂತೆ ತೋರುತ್ತದೆ, ಏಕೆಂದರೆ ನಡುವಿನ ಆಸುಪಾಸಿನಲ್ಲಿ ಕ್ಷೇತ್ರ ಹೆಚ್ಚುಕಡಿಮೆ ಸಮವಾಗಿದೆ. ತೋಳಿನ ಅಂಚು ತುದಿಯನ್ನು ಸಮೀಪಿಸಿದ ಮೇಲೆ ವೋಲ್ಟೇಜು ಬೇಗ ಬೇಗ ಇಳಿಯುತ್ತದೆ. ಎರಡನೆಯ ಸುರುಳಿಯ ನಡು ಸರಿಯಾಗಿ ಮೊದಲನೆಯದರ ತುದಿಗೆ ಬಂದಾಗ ಸುಮಾರು 0.46 ವೋಲ್ಟ್, ಹೆಚ್ಚುಕಡಿಮೆ ಅರ್ಧ. ಆಗ M ಸುಮಾರು 146 ಮೈಕ್ರೋಹೆನ್ರಿ, k ಸುಮಾರು 0.34. ಇನ್ನೂ ಐದಾರು ಸೆಂಟಿಮೀಟರ್ ಆಚೆಗೆಳೆದರೆ ಕೆಲವು ಹತ್ತು ಮಿಲಿವೋಲ್ಟ್ ಮಾತ್ರ ಉಳಿಯುತ್ತದೆ. L1 ಮತ್ತು L2 ಈ ಹೊತ್ತೆಲ್ಲ ಬದಲಾಗಿಲ್ಲ, ಸುತ್ತುಗಳೂ ಅಷ್ಟೇ ಇವೆ. ವೋಲ್ಟೇಜಿನ ಇಳಿತವೆಲ್ಲ k‌ನಿಂದಲೇ ಆದದ್ದು.

ದೂರ ಎಳೆದ ಸ್ಥಿತಿಯಲ್ಲಿ ಕೂಡುವ-ಕಳೆಯುವ ವಿಧಾನ ಕೆಲಸಕ್ಕೆ ಬಾರದು. M ಕೇವಲ ಹತ್ತು ಮೈಕ್ರೋಹೆನ್ರಿ ಇದ್ದರೆ ಎರಡು ಅಳತೆಗಳು 1043 ಮತ್ತು 1003. ಮೀಟರ್ ಶೇಕಡ ಒಂದರಷ್ಟು ತಪ್ಪಿದರೂ ಆ ನಲವತ್ತರ ವ್ಯತ್ಯಾಸದಲ್ಲಿ ಕಾಲು ಭಾಗ ಹೋದಂತೆಯೇ. ಸಡಿಲ ಕಪ್ಲಿಂಗ್‌ನಲ್ಲಿ i1 ಮತ್ತು e2 ಅಳೆದು M ಪಡೆಯುವುದೇ ಸರಿ. ಬಿಗಿಯಾದ ಕಪ್ಲಿಂಗ್‌ಗೆ ಸರಣಿ ವಿಧಾನ ಸಾಕು.

ಮೂರನೆಯದೊಂದು ದಾರಿಯೂ ಇದೆ: ಎರಡನೆಯ ಸುರುಳಿಯನ್ನು ಶಾರ್ಟ್ ಮಾಡಿ ಮೊದಲನೆಯದರ ಪ್ರೇರಕತೆಯನ್ನು ಅಳೆದರೆ ಅದು L1(1 − k²) ಗೆ ಇಳಿಯುತ್ತದೆ. ತೋಳು ನಡುವಿನಲ್ಲಿದ್ದಾಗ 10 ಕಿಲೋಹರ್ಟ್ಸ್‌ನಲ್ಲಿ ನನಗೆ 444 ಬಂತು, k 0.66. ಅದೇ ಅಳತೆಯನ್ನು 1 ಕಿಲೋಹರ್ಟ್ಸ್‌ನಲ್ಲಿ ಮಾಡಿದರೆ 571 ಬಂದು, k 0.53 ಎಂಬ ಸುಳ್ಳು ಉತ್ತರ ಸಿಗುತ್ತದೆ. ಅಷ್ಟು ಕಡಿಮೆ ಆವರ್ತನದಲ್ಲಿ ಎರಡನೆಯ ಸುರುಳಿಯ ಪ್ರತಿಘಾತ 1.45 ಓಮ್ ಮಾತ್ರ, 1.1 ಓಮ್ ರೋಧವಿರುವ ತಂತಿಯನ್ನು ಶಾರ್ಟ್ ಮಾಡಿದರೂ ಅದು ನಿಜವಾದ ಶಾರ್ಟ್ ಆಗಿರುವುದಿಲ್ಲ. ಆವರ್ತನ ಬದಲಿಸಿದಾಗ k ಬದಲಾದರೆ ಮೊದಲು ಈ ರೋಧವನ್ನೇ ಶಂಕಿಸಬೇಕು.

ಲೋಡ್ ಜೋಡಿಸಿದ ಮೇಲೆ

ಇದುವರೆಗಿನ e2 ಎಲ್ಲವೂ ತುದಿಗಳು ತೆರೆದಿದ್ದಾಗಿನದು. ಸ್ಕೋಪಿನ 1 ಮೆಗಾಓಮ್ ಲೆಕ್ಕಕ್ಕಿಲ್ಲ. ತೋಳನ್ನು ನಡುವಿಗೆ ತಂದು ಎರಡನೆಯದಕ್ಕೆ 10 ಓಮ್ ಜೋಡಿಸಿ, ಮೊದಲ ಪ್ರವಾಹವನ್ನು ಮತ್ತೆ 50 ಮಿಲಿಆಂಪಿಯರಿಗೆ ಹೊಂದಿಸಿದರೆ, ತುದಿಗಳಲ್ಲಿ 0.89ರ ಬದಲು ಸುಮಾರು 0.49 ವೋಲ್ಟ್ ಮಾತ್ರ ಸಿಗುತ್ತದೆ. ಪ್ರೇರಿತ ವಿದ್ಯುಚ್ಚಾಲಕ ಬಲ ಕಡಿಮೆಯಾಗಿಲ್ಲ, ಅದು ಈಗಲೂ M × (di1/dt) ಯೇ. ಹೊರಬರುವ ದಾರಿಯಲ್ಲಿ ಅದು ಎರಡನೆಯ ಸುರುಳಿಯ 14.5 ಓಮ್ ಪ್ರತಿಘಾತವನ್ನೂ 1.1 ಓಮ್ ರೋಧವನ್ನೂ ದಾಟಬೇಕು; 10 ಓಮ್‌ಗೆ ಉಳಿಯುವುದು ಅಷ್ಟೇ. ಮೊದಲ ಪ್ರವಾಹವನ್ನು ಮತ್ತೆ ಹೊಂದಿಸಬೇಕಾದದ್ದು ಏಕೆಂದರೆ, ಎರಡನೆಯದರಲ್ಲಿ ಹರಿಯುವ ಪ್ರವಾಹವು ಅದೇ M ಮೂಲಕ ಮೊದಲನೆಯದರಲ್ಲಿ ತನ್ನದೊಂದು ವೋಲ್ಟೇಜನ್ನು ಮರಳಿ ಹುಟ್ಟಿಸುತ್ತದೆ. ಲೋಡ್ ಹಾಕಿದೊಡನೆ ರೆಸಿಸ್ಟರಿನ ಮೇಲಿನ 0.50 ವೋಲ್ಟ್ ಅಲುಗುವುದನ್ನು ಒಂದನೆಯ ಚಾನಲ್ಲಿನಲ್ಲಿ ನೋಡಬಹುದು. ತೋಳನ್ನು ದೂರ ಎಳೆದಿಟ್ಟು ಅದೇ ಲೋಡನ್ನು ಹಾಕಿ ತೆಗೆದರೆ ಆ ಗೆರೆ ಅಲುಗುವುದೇ ಇಲ್ಲ ಎನ್ನುವಷ್ಟು ಸ್ಥಿರವಾಗಿರುತ್ತದೆ.